ಇನ್‌ವಾಯ್ಸ್ ಒಂದು ಹೇಳಿ ಬಿ.ಎಲ್. ಇನ್ನೊಂದು ಹೇಳಿದರೆ

ಚಿಕ್ಕಮಗಳೂರಿನ ಕಾಫಿ ರಫ್ತುದಾರರೊಬ್ಬರು ಇಟಲಿಯ ಟ್ರಿಯೆಸ್ಟೆ ಬಂದರಿಗೆ ಒಂದು ಕಂಟೈನರ್ ಹುರಿಯದ ಕಾಫಿ ಬೀಜ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. 60 ಕಿಲೋದ 320 ಚೀಲ, ಒಟ್ಟು 19,200 ಕಿಲೋ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಕಂಟೈನರ್ ಫೀಡರ್ ಹಡಗು ಏರಿದೆ. ಕೊಲಂಬೊದಲ್ಲಿ ಅದು ಇಳಿದು ಯುರೋಪಿಗೆ ಹೋಗುವ ದೊಡ್ಡ ಹಡಗನ್ನು ಹತ್ತಬೇಕು. ಹಡಗು ಕಂಪನಿಯ ಏಜೆಂಟರು ಬಿಲ್ ಆಫ್ ಲೇಡಿಂಗ್‌ನ ಮೂರು ಮೂಲಪ್ರತಿಗಳನ್ನು ಕೊಟ್ಟಿದ್ದಾರೆ. ಇನ್‌ವಾಯ್ಸ್ ಪಕ್ಕಕ್ಕಿಟ್ಟು ನೋಡಿದರೆ ಎರಡು ಕಡೆ ತಾಳೆಯಾಗುತ್ತಿಲ್ಲ. ಇನ್‌ವಾಯ್ಸ್‌ನಲ್ಲಿ ಖರೀದಿದಾರರ ಹೆಸರಿನ ಕೊನೆಗೆ ‘ಎಸ್.ಪಿ.ಎ.’ ಎಂದಿದೆ, ಬಿ.ಎಲ್.ನಲ್ಲಿ ‘ಎಸ್.ಆರ್.ಎಲ್.’ ಎಂದಿದೆ. ಇನ್‌ವಾಯ್ಸ್ ‘ಅರೇಬಿಕಾ ಪ್ಲಾಂಟೇಷನ್ ಎ’ ಅನ್ನುತ್ತದೆ, ಬಿ.ಎಲ್. ‘ರೋಬಸ್ಟಾ ಚೆರಿ ಎಬಿ’ ಅನ್ನುತ್ತದೆ.

ತಪ್ಪು ಎಲ್ಲಿಂದ ಬಂತೆಂದು ಈ ಧಂದೆಯವರಿಗೆ ಹೇಳಬೇಕಿಲ್ಲ. ಬಿ.ಎಲ್.ನಲ್ಲಿ ಏನೇನು ಬರೆಯಬೇಕೆಂದು ರಫ್ತುದಾರರೇ ಹಡಗು ಕಂಪನಿಗೆ ‘ಶಿಪ್ಪಿಂಗ್ ಇನ್‌ಸ್ಟ್ರಕ್ಷನ್’ ಕಳಿಸುತ್ತಾರೆ. ಹೋದ ತಿಂಗಳಿನದನ್ನು ನಕಲು ಮಾಡಿ ಕಂಟೈನರ್ ನಂಬರ್ ಮಾತ್ರ ಬದಲಿಸಿದರೆ ಹೀಗಾಗುತ್ತದೆ. ಆಮೇಲೆ ಕಂಪನಿ ಕರಡು ಪ್ರತಿ ಕಳಿಸಿ ‘ನೋಡಿ ಒಪ್ಪಿಗೆ ಕೊಡಿ’ ಎಂದಾಗ ಸರಿಯಾಗಿ ಓದದೆಯೇ ಒಪ್ಪಿಬಿಟ್ಟಿರುತ್ತಾರೆ. ಹಡಗು ಕಂಪನಿ ಇನ್‌ವಾಯ್ಸನ್ನು ನೋಡಿಯೇ ಇರುವುದಿಲ್ಲ, ಚೀಲ ಬಿಚ್ಚಿಯೂ ನೋಡಿರುವುದಿಲ್ಲ. ಅದಕ್ಕೇ ಬಿ.ಎಲ್.ನಲ್ಲಿ ‘ಒಳಗಿದೆಯೆಂದು ಹೇಳಲಾದ’ ಎಂಬ ಅರ್ಥದ ಷರಾ ಇರುತ್ತದೆ.

ಎಸ್.ಪಿ.ಎ., ಎಸ್.ಆರ್.ಎಲ್. ಎಂಬುದು ಕಾಗುಣಿತದ ವ್ಯತ್ಯಾಸವಲ್ಲ. ಇಟಲಿಯ ಕಾನೂನಿನಲ್ಲಿ ಅವು ಎರಡು ಬಗೆಯ ಕಂಪನಿಗಳು. ಒಂದೇ ಕುಟುಂಬದ ಒಡೆತನದಲ್ಲಿದ್ದರೂ ಕಾನೂನಿಗೆ ಅವರು ಬೇರೆ ಬೇರೆ. ಬಿ.ಎಲ್. ಬರೀ ರಸೀದಿಯೂ ಅಲ್ಲ, ಸರಕಿನ ಮೇಲಿನ ಹಕ್ಕು ಅದರ ಜೊತೆಗೇ ಸಾಗುತ್ತದೆ. ಅದರಲ್ಲಿ ಕನ್‌ಸೈನಿ ಎಂದು ಯಾರ ಹೆಸರಿದೆಯೋ ಟ್ರಿಯೆಸ್ಟೆಯಲ್ಲಿ ಸರಕು ಅವರಿಗೆ ಸೇರಬೇಕು. ಹಣ ಕೊಟ್ಟ ಕಂಪನಿ ಹೋಗಿ ಕೇಳಿದರೆ ಏಜೆಂಟರು ‘ನಿಮ್ಮ ಹೆಸರು ಇದರಲ್ಲಿಲ್ಲ’ ಅನ್ನುತ್ತಾರೆ. ಕಂಟೈನರ್ ಅಂಗಳದಲ್ಲೇ ಉಳಿದು ದಿನಬಾಡಿಗೆ ಏರುತ್ತದೆ.

ತಿದ್ದುಪಡಿ ಕೇಳುವ ಮೊದಲು ನಿಜವಾಗಿ ತಪ್ಪಿರುವ ಕಾಗದ ಯಾವುದೆಂದು ನೋಡಬೇಕು. ಇನ್‌ವಾಯ್ಸ್‌ನೊಂದಿಗೆ ಹೊಂದಲಿಲ್ಲ ಎಂದ ಮಾತ್ರಕ್ಕೆ ಬಿ.ಎಲ್. ತಪ್ಪಾಗಬೇಕಿಲ್ಲ. ಲೆಟರ್ ಆಫ್ ಕ್ರೆಡಿಟ್ ಮೇಲಿನ ವ್ಯಾಪಾರದಲ್ಲಿ ಇನ್‌ವಾಯ್ಸ್ ಖರೀದಿದಾರರ ಹೆಸರಿಗಿರುತ್ತದೆ, ಬಿ.ಎಲ್. ಮಾತ್ರ ಬಹಳ ಸಲ ‘ಇಂಥ ಬ್ಯಾಂಕಿನ ಆದೇಶಕ್ಕೆ’ ಎಂದಿರುತ್ತದೆ. ಹಣ ಕೈಸೇರುವವರೆಗೆ ಸರಕು ಬ್ಯಾಂಕಿನ ಹಿಡಿತದಲ್ಲಿರಲಿ ಎಂದು ಬೇಕೆಂದೇ ಮಾಡಿದ ಏರ್ಪಾಡು ಅದು. ಹೊಸಬರು ಗಾಬರಿಯಾಗಿ ಅಲ್ಲಿ ಖರೀದಿದಾರರ ಹೆಸರು ಹಾಕಿಸಿದರೆ ಸರಿಯಿದ್ದದ್ದೇ ಕೆಡುತ್ತದೆ. ವಿವರಣೆಯ ಮಾತೂ ಹಾಗೆಯೇ. ಬ್ಯಾಂಕುಗಳು ಪಾಲಿಸುವ ಯು.ಸಿ.ಪಿ. 600 ನಿಯಮಗಳಂತೆ ಸರಕಿನ ವಿವರಣೆ ಕ್ರೆಡಿಟ್‌ನಲ್ಲಿರುವುದಕ್ಕೆ ಸರಿಹೊಂದಬೇಕಾದದ್ದು ಇನ್‌ವಾಯ್ಸ್‌ನಲ್ಲಿ. ಬಿ.ಎಲ್. ಬರೀ ‘ಭಾರತೀಯ ಹಸಿರು ಕಾಫಿ’ ಎಂದರೂ ಸಾಕು, ಕ್ರೆಡಿಟ್‌ನ ಮಾತಿಗೆ ವಿರುದ್ಧವಾಗಿರಬಾರದು ಅಷ್ಟೇ. ಅರೇಬಿಕಾ ಇರಬೇಕಾದಲ್ಲಿ ರೋಬಸ್ಟಾ ಎಂದರೆ ಅದು ವಿರುದ್ಧ.

ನಮ್ಮ ಉದಾಹರಣೆಯಲ್ಲಿ ಕ್ರೆಡಿಟ್ ಇಲ್ಲ. ಬ್ಯಾಂಕಿನ ಮೂಲಕ ಹಣ ಕೊಟ್ಟು ಖರೀದಿದಾರರು ಕಾಗದ ಬಿಡಿಸಿಕೊಳ್ಳುವ ಒಪ್ಪಂದ. ಕರಾರು ಎಸ್.ಪಿ.ಎ. ಜೊತೆಗಿದೆ, ಚೀಲದಲ್ಲಿರುವುದು ಅರೇಬಿಕಾ. ಹಾಗಾಗಿ ತಪ್ಪು ಬಿ.ಎಲ್.ನದೇ. ಇನ್ನು ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಟ್ಟ ರಫ್ತು ಘೋಷಣೆ, ಏನು ಹೇಳುತ್ತದೆಂದು ನೋಡಬೇಕು. ಅದರಲ್ಲಿ ಪ್ಲಾಂಟೇಷನ್ ಎ ಎಂದೇ ಇದ್ದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಹಡಗು ಕಂಪನಿ ನಂಬುವ ಸಾಕ್ಷಿ ಅದು. ಹುರಿಯದ ಕಾಫಿಗೆ ಜಗತ್ತಿನಾದ್ಯಂತ ಬಳಸುವ ಆರಂಕಿಯ ಕೋಡ್ 090111, ಅರೇಬಿಕಾಗೂ ರೋಬಸ್ಟಾಗೂ ಒಂದೇ. ಭಾರತದ ಎಂಟಂಕಿಯ ಕೋಡ್‌ನಲ್ಲಿ ಮಾತ್ರ ಎರಡೂ ಬೇರೆ. ಶಿಪ್ಪಿಂಗ್ ಬಿಲ್‌ನಲ್ಲೂ ರೋಬಸ್ಟಾ ಎಂದೇ ಹೋಗಿದ್ದರೆ ಮೊದಲು ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ಅದನ್ನು ತಿದ್ದಿಸಬೇಕು. ಸರಕು ಹೊರಟ ಮೇಲೆ ಆ ತಿದ್ದುಪಡಿ ಬೇಕಾದರೆ ರಫ್ತಿನ ಹೊತ್ತಿಗೇ ಇದ್ದ ದಾಖಲೆ ತೋರಿಸಬೇಕು, ಆಮೇಲೆ ಹುಟ್ಟಿಸಿದ ಕಾಗದ ನಡೆಯುವುದಿಲ್ಲ.

ಅರ್ಜಿ ಕೊಡಬೇಕಾದವರು ಸರಕು ಕಳಿಸಿದವರು. ಇಟಲಿಯ ಖರೀದಿದಾರರು ನೇರವಾಗಿ ಹಡಗು ಕಂಪನಿಗೆ ಬರೆದರೆ ‘ನಿಮ್ಮ ಮಾರಾಟಗಾರರಿಂದ ಬರೆಸಿ’ ಎಂಬ ಉತ್ತರ ಬರುತ್ತದೆ. ಪತ್ರದಲ್ಲಿ ಬಿ.ಎಲ್. ಸಂಖ್ಯೆ, ಹಡಗು, ಕಂಟೈನರ್ ಮತ್ತು ಸೀಲ್ ನಂಬರ್ ಕೊಟ್ಟು, ಎರಡು ತಿದ್ದುಪಡಿಗಳನ್ನು ಬೇರೆ ಬೇರೆಯಾಗಿ ‘ಈಗ ಹೀಗಿದೆ, ಹೀಗಾಗಬೇಕು’ ಎಂದು ಅಕ್ಷರ ಬಿಡದೆ ಬರೆಯಬೇಕು. ‘ಇನ್‌ವಾಯ್ಸ್‌ನಲ್ಲಿರುವಂತೆ ಮಾಡಿ’ ಎಂದು ಬರೆಯುವುದು ಕೆಟ್ಟ ಅಭ್ಯಾಸ. ಅಲ್ಲಿನ ಗುಮಾಸ್ತರು ಏನು ಅರ್ಥ ಮಾಡಿಕೊಳ್ಳುತ್ತಾರೋ ಅದೇ ಅಚ್ಚಾಗುತ್ತದೆ. ಜೊತೆಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಪ್ರತಿಗಳು, ತಿದ್ದುಪಡಿ ಶುಲ್ಕಕ್ಕೆ ಒಪ್ಪಿಗೆ ಮತ್ತು ಇಂಡೆಮ್ನಿಟಿ ಪತ್ರ. ಈ ಬದಲಾವಣೆಯಿಂದ ಯಾರಾದರೂ ನಷ್ಟ ಕೇಳಿದರೆ ನಾವೇ ಭರಿಸುತ್ತೇವೆ ಎಂಬ ಮುಚ್ಚಳಿಕೆ ಅದು. ಫಾರ್ವರ್ಡರ್ ಕೊಟ್ಟ ಹೌಸ್ ಬಿ.ಎಲ್. ಆಗಿದ್ದರೆ ಅದರ ಹಿಂದಿರುವ ಹಡಗು ಕಂಪನಿಯ ಮಾಸ್ಟರ್ ಬಿ.ಎಲ್.ನಲ್ಲೂ ಸರಕಿನ ವಿವರಣೆ ತಿದ್ದಿಸಬೇಕು.

ಹಾಗೇ ಮೂರೂ ಮೂಲಪ್ರತಿಗಳನ್ನು ಹಿಂದಿರುಗಿಸಬೇಕು. ಒಂದು ಪ್ರತಿ ತೋರಿಸಿದರೂ ಸರಕು ಸಿಗುತ್ತದೆ, ಆಗ ಉಳಿದವು ರದ್ದು. ಆದ್ದರಿಂದ ಒಂದು ಹಳೆಯ ಪ್ರತಿ ಕೊರಿಯರ್‌ನಲ್ಲಿ ಇಟಲಿಯ ದಾರಿ ಹಿಡಿದಿದ್ದರೂ ಕಂಪನಿ ಹೊಸದನ್ನು ಕೊಡಲು ಹಿಂಜರಿಯುತ್ತದೆ. ಪ್ರತಿ ಮರಳಿ ಬರಲಿ ಅನ್ನುತ್ತದೆ, ಇಲ್ಲವೇ ಬ್ಯಾಂಕ್ ಸಹಿ ಇರುವ ಮುಚ್ಚಳಿಕೆ ಕೇಳುತ್ತದೆ. ಹೊಸ ಸೆಟ್ ಅಚ್ಚು ಮಾಡುವ ಬದಲು ಹಳೆಯದರಲ್ಲೇ ತಿದ್ದಿ ಮೊಹರು ಹಾಕುವುದೂ ಉಂಟು. ಆ ತಿದ್ದುಪಡಿಗೆ ಕಂಪನಿಯದೋ ಅದರ ಏಜೆಂಟರದೋ ಸಹಿ ಬೇಕು. ರಫ್ತುದಾರರ ಆಫೀಸಿನಲ್ಲೇ ತಿದ್ದಿದ ಪ್ರತಿ ಕಾಗದವಾಗಿ ಉಳಿಯುವುದಿಲ್ಲ, ಫೋರ್ಜರಿ ಆಗುತ್ತದೆ.

ಇಷ್ಟೆಲ್ಲ ಎಷ್ಟು ಬೇಗ ಆಗಬೇಕು ಎಂಬುದು ಕೊಲಂಬೊ ಮೇಲೆ ನಿಂತಿದೆ. ಯುರೋಪಿಗೆ ಹೋಗುವ ಕಂಟೈನರಿನ ವಿವರವನ್ನು, ಅದು ದೊಡ್ಡ ಹಡಗು ಏರುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಅಲ್ಲಿನ ಕಸ್ಟಮ್ಸ್‌ಗೆ ಸಲ್ಲಿಸಬೇಕು. ಕನ್‌ಸೈನಿ, ವಿವರಣೆ, ಕೋಡ್ ಎಲ್ಲ ಅದರಲ್ಲಿರುತ್ತದೆ. ಅದಕ್ಕೆ ಮುಂಚೆ ಅರ್ಜಿ ಮುಟ್ಟಿದರೆ ಹಡಗು ಕಂಪನಿ ತನ್ನ ದಾಖಲೆಯನ್ನು ತಿದ್ದಿಕೊಂಡರೆ ಆಯಿತು. ತಡವಾದರೆ ಆ ಸಲ್ಲಿಕೆಯನ್ನೂ ತಿದ್ದಬೇಕು. ಸರಕನ್ನು ಪರೀಕ್ಷಿಸುತ್ತೇವೆಂದು ಕಸ್ಟಮ್ಸ್ ತಿಳಿಸಿದ ಮೇಲೆ, ಅಥವಾ ಸರಕು ಟ್ರಿಯೆಸ್ಟೆ ತಲುಪಿ ಕಸ್ಟಮ್ಸ್ ಮುಂದೆ ಹಾಜರಾದ ಮೇಲೆ, ಆ ತಿದ್ದುಪಡಿಗೂ ಅವಕಾಶವಿಲ್ಲ. ಆ ಹಂತದಲ್ಲಿ ಹೆಸರು ಬದಲಿಸಬೇಕೆಂದರೆ ಬಿ.ಎಲ್.ನಲ್ಲಿ ತಪ್ಪಾಗಿ ಹೆಸರು ಬಂದ ಎಸ್.ಆರ್.ಎಲ್. ಕಂಪನಿಯಿಂದ ‘ನಮ್ಮ ಆಕ್ಷೇಪವಿಲ್ಲ’ ಎಂಬ ಪತ್ರ ಕೇಳುವುದುಂಟು. ಸೋದರ ಕಂಪನಿಯಾದರೆ ಪತ್ರ ಸುಲಭವಾಗಿ ಸಿಕ್ಕೀತು. ಹಳೆಯ ಶಿಪ್ಪಿಂಗ್ ಇನ್‌ಸ್ಟ್ರಕ್ಷನ್‌ನಿಂದ ನುಸುಳಿದ ಹೆಸರು ಪೈಪೋಟಿಯ ಖರೀದಿದಾರರದಾಗಿದ್ದರೆ ಆ ಪತ್ರಕ್ಕೂ ಚೌಕಾಸಿ ನಡೆಯಬಹುದು.

ತಿದ್ದಿದ ಬಿ.ಎಲ್.ನಲ್ಲೂ ಸರಕು ಹಡಗು ಏರಿದ ತಾರೀಕು ಹಳೆಯದೇ ಇರುತ್ತದೆ, ಅದನ್ನು ಬದಲಿಸಿ ಎಂದು ಕೇಳುವಂತಿಲ್ಲ. ನಮ್ಮ ರಫ್ತುದಾರರಿಗೆ ಇದರಿಂದ ತೊಂದರೆಯಿಲ್ಲ. ಲೆಟರ್ ಆಫ್ ಕ್ರೆಡಿಟ್ ಇರುವವರಿಗೆ ಇದೆ: ಕ್ರೆಡಿಟ್ ಬೇರೆ ಅವಧಿ ಹೇಳದಿದ್ದರೆ ಆ ತಾರೀಕಿನಿಂದ 21 ದಿನದೊಳಗೆ, ಕ್ರೆಡಿಟ್‌ನ ವಾಯಿದೆಯೂ ಮೀರದಂತೆ ಕಾಗದಗಳು ಬ್ಯಾಂಕಿಗೆ ತಲುಪಬೇಕು. ತಿದ್ದುಪಡಿಗೆ ಹಿಡಿದ ದಿನಗಳೂ ಆ 21ರಲ್ಲೇ ಕಳೆಯುತ್ತವೆ.