ಒಂದೇ ಅಯೋರ್ಟಾ, ಎರಡು ದಾರಿ

ಐವತ್ತೆರಡರ ಗಂಡಸು, ಬಿಪಿ ಮಾತ್ರೆ ಬಿಟ್ಟು ತಿಂಗಳುಗಳಾಗಿವೆ. ಎದೆಯಲ್ಲಿ ಒಮ್ಮೆಲೇ ಸೀಳಿದಂಥ ನೋವು ಶುರುವಾಗಿ ಬೆನ್ನಿಗೆ ಇಳಿದಿದೆ. ಬಲಗೈಯಲ್ಲಿ ಮೇಲಿನ ಬಿಪಿ 190, ಎಡಗೈಯಲ್ಲಿ 150. ಇಸಿಜಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎಮರ್ಜೆನ್ಸಿ ವಿಭಾಗಕ್ಕೆ ಹೊಸದಾಗಿ ಬಂದ ವೈದ್ಯರಿಗೆ ಪಾಠ ಹೇಳಲು ಕಟ್ಟಿದ ಮಾದರಿ ಕೇಸು ಇದು. ಹೃದಯಾಘಾತವೆಂದುಕೊಂಡು ಹೆಪಾರಿನ್ ಕೊಟ್ಟುಬಿಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಇಲ್ಲಿ ಬೇಕಾದದ್ದು ಸಿ.ಟಿ. ಆಂಜಿಯೋಗ್ರಾಮ್.

ಹೃದಯದಿಂದ ಹೊರಡುವ ಹೆಬ್ಬೆರಳಿಗಿಂತ ದಪ್ಪದ ರಕ್ತನಾಳವೇ ಅಯೋರ್ಟಾ. ಅದರ ಗೋಡೆಗೆ ಮೂರು ಪದರ. ಒಳಪದರ ಎಲ್ಲೋ ಒಂದು ಕಡೆ ಹರಿದರೆ ರಕ್ತ ನಡುವಿನ ಪದರಕ್ಕೆ ನುಗ್ಗಿ, ಅದನ್ನು ಉದ್ದಕ್ಕೂ ಬಿಡಿಸುತ್ತಾ ಹೋಗುತ್ತದೆ. ಕೋಟು ತೊಡುವಾಗ ಕೈ ತೋಳಿನೊಳಗೆ ಹೋಗದೆ ಹರಿದ ಅಸ್ತರಿನ ಸಂದಿಗೆ ಇಳಿದ ಹಾಗೆ. ಹೀಗೆ ಬಿಡಿಸಿಕೊಂಡ ಪದರಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಮೊದಲಿನಿಂದ ಇದ್ದ ದಾರಿ ಟ್ರೂ ಲ್ಯೂಮೆನ್, ಹೊಸದಾಗಿ ಆದದ್ದು ಫಾಲ್ಸ್ ಲ್ಯೂಮೆನ್.

ನಮ್ಮ ರೋಗಿಗೆ ಮೊದಲು ಡೈ ಕೊಡದೆ ಒಂದು ಸುತ್ತು ಸ್ಕ್ಯಾನ್ ಮಾಡುತ್ತಾರೆ. ವಯಸ್ಸಾದ ರಕ್ತನಾಳದ ಒಳಪದರದಲ್ಲಿ ಬಿಳಿ ಸುಣ್ಣದ ಚುಕ್ಕೆಗಳಿರುವುದು ಸಾಮಾನ್ಯ. ಅವು ಅಂಚಿಗೆ ಅಂಟಿಕೊಂಡಿರಬೇಕು. ಇವರಲ್ಲಿ ಒಂದು ಚುಕ್ಕೆ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ಬಂದು ನಿಂತಿದೆ. ಒಳಪದರ ಜಾಗ ಬಿಟ್ಟಿದೆಯೆಂದು ಅಲ್ಲೇ ಅನುಮಾನ ಬರಬೇಕು. ಬಳಿಕ ಬಲಗೈಯ ರಕ್ತನಾಳಕ್ಕೆ ಡೈ ಕೊಟ್ಟು, ಎದೆಯಿಂದ ತೊಡೆಯ ಸಂದಿನವರೆಗೆ ಸ್ಕ್ಯಾನ್ ಮಾಡುತ್ತಾರೆ. ಬಿಳಿಯಾಗಿ ಹೊಳೆಯುವ ಅಯೋರ್ಟಾದ ನಡುವೆ ಒಂದು ತೆಳ್ಳನೆಯ ಕಪ್ಪು ಗೆರೆ ಕಾಣುತ್ತದೆ. ಅದೇ ಫ್ಲ್ಯಾಪ್. ಡೈಯ ಹೊಳಪು ಹೆಚ್ಚಾದರೆ ಗೆರೆ ಅದರಲ್ಲೇ ಮುಳುಗಿಹೋಗುತ್ತದೆ. ಪರದೆಯಲ್ಲಿ ವಿಂಡೋ ಅಗಲಿಸಿ ನೋಡಿದರೆ ಮತ್ತೆ ಎದ್ದು ಕಾಣುತ್ತದೆ.

ಗೆರೆ ಸಿಕ್ಕಿತು ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರ ಯಾವ ಬದಿ ನಿಜದ್ದು? ದೊಡ್ಡದಾಗಿ ಕಾಣುವುದೇ ಅಸಲಿ ದಾರಿ ಅಂತ ಕಲಿಯುವವರು ಅಂದುಕೊಳ್ಳುತ್ತಾರೆ. ನಿಜ ಸಾಮಾನ್ಯವಾಗಿ ತಿರುವುಮುರುವು: ಸುಳ್ಳು ದಾರಿ ಉಬ್ಬಿ ನಿಜದ್ದನ್ನು ಅಮುಕುತ್ತದೆ. ಹೀಗಾಗಿ ಬಡಕಲಾಗಿ, ಬೇಗ ಬೆಳ್ಳಗಾಗುವುದು ಹೆಚ್ಚಿನ ಸಲ ಟ್ರೂ ಲ್ಯೂಮೆನ್. ಫಾಲ್ಸ್ ಲ್ಯೂಮೆನ್‌ನಲ್ಲಿ ರಕ್ತ ನಿಧಾನ, ಡೈ ಮಸುಕು. ಆದರೆ ಹೊಳಪನ್ನು ಮಾತ್ರ ನಂಬುವಂತಿಲ್ಲ, ಸ್ಕ್ಯಾನ್ ತೆಗೆದ ಗಳಿಗೆ ಬದಲಾದರೆ ಅದೂ ಬದಲಾಗುತ್ತದೆ. ಫ್ಲ್ಯಾಪ್ ಹೊರಗೋಡೆಯನ್ನು ಸೇರುವ ಮೂಲೆ ನೋಡುವುದು ಇದಕ್ಕಿಂತ ಭರವಸೆಯ ದಾರಿ. ಸುಳ್ಳು ದಾರಿಯ ರಕ್ತ ಗೋಡೆಯನ್ನು ಬಿಡಿಸುತ್ತಾ ಆ ಮೂಲೆಗೆ ಚೂಪಾಗಿ ನುಗ್ಗಿರುತ್ತದೆ. ಅದು ಕೊಕ್ಕಿನಂತೆ ಕಾಣುವುದರಿಂದ ಬೀಕ್ ಸೈನ್ ಎಂದೇ ಹೆಸರು. ಪೂರ್ತಿ ಬಿಡಿಸಿಕೊಳ್ಳದ ನಡುಪದರದ ಎಳೆಗಳೂ ಕೆಲವೊಮ್ಮೆ ಅಲ್ಲಿ ತೂಗುತ್ತಿರುತ್ತವೆ. ಅಪರೂಪ, ಆದರೆ ಕಂಡರೆ ಅನುಮಾನವೇ ಬೇಡ.

ನನ್ನ ಕೇಳಿದರೆ, ಎಲ್ಲೂ ಹರಿಯದ ಅಯೋರ್ಟಾದ ತುಂಡಿನಿಂದ ಶುರುಮಾಡಿ ಒಂದೊಂದೇ ಚಿತ್ರ ಸರಿಸುತ್ತಾ ಹೋಗುವುದೇ ಮೇಲು. ಅದರ ಜೊತೆ ಎಡೆಬಿಡದೆ ಸೇರಿಕೊಂಡಿರುವುದು ನಿಜದ ದಾರಿ. ನಮ್ಮ ರೋಗಿಯಲ್ಲಿ ಫ್ಲ್ಯಾಪ್ ಹೃದಯದ ಕವಾಟದಿಂದ ಸ್ವಲ್ಪ ಮೇಲೇ ಶುರುವಾಗಿದೆ. ಮೇಲೇರುವ ಅಯೋರ್ಟಾ ಸೀಳಿದ್ದರಿಂದ ಇದು ಸ್ಟ್ಯಾನ್‌ಫರ್ಡ್ ಟೈಪ್ ಎ. ತಕ್ಷಣ ಸರ್ಜರಿಯ ಮಾತು. ಅಲ್ಲಿ ಸೀಳಿಲ್ಲದೆ ಕೆಳಗಿನ ಭಾಗ ಮಾತ್ರ ಸೀಳಿದ್ದರೆ ಟೈಪ್ ಬಿ. ತೊಡಕಿಲ್ಲದಿದ್ದರೆ ಬಿಪಿ, ನಾಡಿಬಡಿತ ಇಳಿಸುವ ಔಷಧಿಯಿಂದ ಶುರು. ಕೆಳಗೆ ಇಳಿಯುತ್ತಾ ಹೋದರೆ ಕರುಳಿನ ರಕ್ತನಾಳಗಳೂ ಬಲ ಮೂತ್ರಪಿಂಡದ್ದೂ ನಿಜದ ದಾರಿಯಿಂದಲೇ ಹೊರಟಿವೆ. ಎಡ ಮೂತ್ರಪಿಂಡದ್ದು ಸುಳ್ಳು ದಾರಿಯಿಂದ. ಆ ಮೂತ್ರಪಿಂಡ ಬಲದ್ದಕ್ಕಿಂತ ಪೇಲವವಾಗಿದೆ. ಹೃದಯದ ಸುತ್ತ ರಕ್ತ ನಿಂತಿದೆಯೇ ಎಂಬುದನ್ನೂ ನೋಡಿ ಸರ್ಜನ್‌ಗೆ ಫೋನಿನಲ್ಲೇ ಹೇಳಬೇಕು.

ಮೋಸ ಮಾಡುವ ಗೆರೆಗಳೂ ಇವೆ. ಹೃದಯ ಬಡಿಯುತ್ತಲೇ ಇರುವುದರಿಂದ ಅಯೋರ್ಟಾದ ಬುಡದಲ್ಲಿ ಅಂಚು ಎರಡೆರಡಾಗಿ ಮೂಡಿ ಥೇಟ್ ಫ್ಲ್ಯಾಪಿನಂತೆ ಕಾಣುತ್ತದೆ. ಅದು ಕೆಲವೇ ಚಿತ್ರಗಳಲ್ಲಿ ಬಂದು ಮಾಯವಾಗುತ್ತದೆ. ಪಕ್ಕದ ಶ್ವಾಸಕೋಶದ ರಕ್ತನಾಳದ ಅಂಚೂ ಅದೇ ಮಟ್ಟದಲ್ಲಿ ಎರಡಾಗಿರುವುದುಂಟು. ಅನುಮಾನ ಉಳಿದರೆ ಇಸಿಜಿಗೆ ಹೊಂದಿಸಿ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಪಕ್ಕದ ಅಭಿಧಮನಿಯಲ್ಲಿ ಗಟ್ಟಿಯಾಗಿ ತುಂಬಿದ ಡೈ ಎಸೆಯುವ ನೇರ ಗೆರೆ ಅಯೋರ್ಟಾದ ಗೋಡೆ ದಾಟಿ ಹೊರಗಿನ ಕೊಬ್ಬಿಗೂ ಹೋಗುತ್ತದೆ. ಫ್ಲ್ಯಾಪ್ ಗೋಡೆ ದಾಟುವುದಿಲ್ಲ.

ಗೆರೆಯೇ ಕಾಣಲಿಲ್ಲವೆಂದು ರೋಗಿಯನ್ನು ಮನೆಗೆ ಕಳಿಸುವ ಮುಂಚೆ, ಡೈ ಕೊಡದೆ ತೆಗೆದ ಮೊದಲಿನ ಚಿತ್ರಗಳಿಗೆ ಮರಳಬೇಕು. ರಕ್ತ ಗೋಡೆಯೊಳಗೇ ಹೆಪ್ಪುಗಟ್ಟಿ ನಿಂತರೆ ಎರಡನೆಯ ದಾರಿಯೇ ಮೂಡುವುದಿಲ್ಲ. ಗೋಡೆಯ ಗುಂಟ ತುಸು ಬೆಳ್ಳಗಿನ ಅರ್ಧಚಂದ್ರದ ಆಕಾರ ಮಾತ್ರ ಕಾಣುತ್ತದೆ. ಡೈಯ ಹೊಳಪಿನ ಪಕ್ಕದಲ್ಲಿ ಅದು ಬರೀ ದಪ್ಪ ಗೋಡೆಯಂತೆ ಕಂಡು ಕಣ್ಣು ತಪ್ಪಿಸುತ್ತದೆ. ಅದಕ್ಕೂ ಸೀಳಿದ ಅಯೋರ್ಟಾದಷ್ಟೇ ತುರ್ತಿನ ಚಿಕಿತ್ಸೆ ಬೇಕು.