ಪ್ರಸ್ತಾವನೆಗಿಂತ ಮೊದಲು ಓದಿಸಿಕೊಳ್ಳುವ ಮೇಲ್

ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಖರೀದಿ ವಿಭಾಗದಲ್ಲಿ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ಸಮಾಧಾನವಿಲ್ಲ. ಮೂರು ಶಾಖೆಗಳಿಗೆ ಹೊಸ ಬಿಲ್ಲಿಂಗ್ ತಂತ್ರಾಂಶ ಬೇಕೆಂದು ಅವರು ಆರ್‌ಎಫ್‌ಪಿ ಕರೆದಿದ್ದರು. ಬಂದ ಪ್ರಸ್ತಾವನೆಗಳು ಒಂದೊಂದೂ ಅರವತ್ತು, ಎಪ್ಪತ್ತು ಪುಟ. ಖರೀದಿ ಅಧಿಕಾರಿ ಮೇಡಂ ಲಗತ್ತುಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿಟ್ಟು, ಜೊತೆಗೆ ಬಂದ ಮೇಲ್‌ಗಳನ್ನಷ್ಟೇ ಆಯ್ಕೆ ಸಮಿತಿಯ ವೈದ್ಯರಿಗೂ ಲೆಕ್ಕಾಧಿಕಾರಿಗೂ ಫಾರ್ವರ್ಡ್ ಮಾಡಿಬಿಟ್ಟರು. ನಾನು ಹುಬ್ಬೇರಿಸಿದ್ದು ಕಂಡು ನಕ್ಕರು: “ಡಾಕ್ಟ್ರು ಪಿಡಿಎಫ್ ಎಲ್ಲಿ ತೆಗೀತಾರೆ ಸಾರ್? ಓಪಿಡಿ ಮಧ್ಯೆ ಮೊಬೈಲಲ್ಲಿ ಇಷ್ಟು ನೋಡಿದ್ರೆ ದೊಡ್ಡದು.”

ಅಂದರೆ ಕವರಿಂಗ್ ಮೇಲ್ ಒಂಟಿಯಾಗಿಯೇ ಊರು ಸುತ್ತುತ್ತದೆ. ಅದನ್ನು ಬರೆಯುವವರಿಗೆ ಈ ಸುದ್ದಿ ಮುಟ್ಟಿದಂತಿಲ್ಲ.

ಒಂದು ಮೇಲ್ ಶುರುವಾಗಿದ್ದೇ ಕಂಪನಿ ಹುಟ್ಟಿದ ವರ್ಷದಿಂದ. ಆಮೇಲೆ ಪ್ರಶಸ್ತಿಗಳು, ಗ್ರಾಹಕರ ಪಟ್ಟಿ, ‘ಸಮಗ್ರ ಪರಿಹಾರ’ ಎಂಬ ಸವಕಲು ಮಾತು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಒಂದು ಮಾತೂ ಕೇಳದೆ ತಮ್ಮ ಮನೆತನದ ಬಡಾಯಿ ಕೊಚ್ಚಿ ಎದ್ದುಹೋದ ಹಾಗೆ. ಆಸ್ಪತ್ರೆ ಎಂಬ ಪದವೇ ಅದರಲ್ಲಿರಲಿಲ್ಲ. ಹೆಸರು ಬದಲಿಸಿದರೆ ಸಕ್ಕರೆ ಕಾರ್ಖಾನೆಗೂ ಕಳಿಸಬಹುದಿತ್ತು.

ಇನ್ನೊಂದು, ಸಣ್ಣ ಕಂಪನಿಯದು, ನನಗೆ ತುಂಬ ಹಿಡಿಸಿತು. ಇಂಗ್ಲಿಷಿನಲ್ಲಿದ್ದ ಆ ಮೇಲ್‌ನ ವಿಷಯದ ಸಾಲಿನಲ್ಲಿ ಆರ್‌ಎಫ್‌ಪಿ ಸಂಖ್ಯೆ, ಕೆಲಸದ ಹೆಸರು, ಕಂಪನಿಯ ಹೆಸರು, ಅಷ್ಟೇ. ಮೊದಲ ವಾಕ್ಯದಲ್ಲೇ ಆಸ್ಪತ್ರೆಯ ತಲೆನೋವು: ಇಂಟರ್ನೆಟ್ ಹೋದರೂ ಬಿಲ್ಲಿಂಗ್ ನಿಲ್ಲಬಾರದು ಎಂದು ಕಲಂ 4.2ರಲ್ಲಿ ಕೇಳಿದ್ದೀರಿ. ಪ್ರತಿ ಶಾಖೆಯಲ್ಲೂ ಒಂದು ಸಣ್ಣ ಸರ್ವರ್ ಇಡುತ್ತೇವೆ, ಶಾಖೆಗೊಂದು ಬಿಲ್ ಸಂಖ್ಯೆಯ ಸರಣಿ ಇರುತ್ತದೆ, ಸಂಪರ್ಕ ಬಂದ ಮೇಲೆ ಲೆಕ್ಕ ಕೂಡುವಾಗ ಎರಡು ಬಿಲ್ಲಿಗೆ ಒಂದೇ ಸಂಖ್ಯೆ ಬರುವುದಿಲ್ಲ. ವಿವರ ಪುಟ 14. ಎರಡನೆಯದು ಹಳೆಯ ದಾಖಲೆಗಳ ವರ್ಗಾವಣೆ: ಮೊದಲು ಒಂದೇ ತಿಂಗಳಿನದು, ಅದನ್ನು ನಿಮ್ಮ ಲೆಕ್ಕಾಧಿಕಾರಿ ತಾಳೆ ನೋಡಿ ಒಪ್ಪಿದ ಮೇಲೆ ಉಳಿದದ್ದು, ಪುಟ 27. ಲೆಕ್ಕಾಧಿಕಾರಿ ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕಳಿಸಿದ್ದರು.

ಮೇಡಂಗೆ ಮೆಚ್ಚುಗೆಯಾಗಿದ್ದು ಮೂರನೆಯ ಪ್ಯಾರಾ. ಲ್ಯಾಬ್ ಯಂತ್ರಗಳನ್ನು ಬಿಲ್ಲಿಂಗ್‌ಗೆ ನೇರ ಜೋಡಿಸುವ ವ್ಯವಸ್ಥೆ ಸದ್ಯ ನಮ್ಮಲ್ಲಿಲ್ಲ, 4 ತಿಂಗಳಲ್ಲಿ ಕೊಡುತ್ತೇವೆ, ಅಲ್ಲಿಯವರೆಗಿನ ಏರ್ಪಾಡು ಪುಟ 51ರಲ್ಲಿದೆ ಎಂದು ಬರೆದಿದ್ದರು. ಕೊರತೆ ಹೇಗೂ ಡೆಮೊದಲ್ಲಿ ಬಯಲಾಗುತ್ತದೆ. ಮೊದಲೇ ಹೇಳಿದವರ ಉಳಿದ ಮಾತೂ ನಂಬಬೇಕೆನಿಸುತ್ತದೆ ಎಂಬುದು ಮೇಡಂ ಲೆಕ್ಕ.

ದರದ ಸುಳಿವು ಮಾತ್ರ ಅಲ್ಲಿರಲಿಲ್ಲ. ತಾಂತ್ರಿಕ ಬಿಡ್, ಆರ್ಥಿಕ ಬಿಡ್ ಬೇರೆ ಬೇರೆ ಕೊಡಿ ಎಂದಿರುವಾಗ ‘ಕಡಿಮೆ ದರದಲ್ಲೇ’ ಎಂದು ಮೇಲ್‌ನಲ್ಲಿ ಮೊತ್ತ ಬರೆದರೆ ಪ್ರಸ್ತಾವನೆಯೇ ತಿರಸ್ಕೃತವಾಗಬಹುದು. ಸರ್ಕಾರಿ ಟೆಂಡರಿನ ದಾರಿಯೇ ಬೇರೆ ಬಿಡಿ. ಅದು ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಸರ್ಕಾರದ ಪೋರ್ಟಲ್‌ನಲ್ಲೇ ನಡೆಯುತ್ತದೆ.

ಇನ್ನು ನನ್ನ ಪ್ರಿಯ ವಿಚಾರಕ್ಕೆ ಬರುತ್ತೇನೆ: ಲಗತ್ತಿನ ತೂಕ. ಜಿಮೇಲ್‌ನ ಮಿತಿ 25 ಎಂಬಿ ಎಂದುಕೊಂಡು 22 ಎಂಬಿಯ ಪಿಡಿಎಫ್ ಕಳಿಸುತ್ತಾರೆ, ಆಚೆ ಕಡೆಯ ಸರ್ವರ್ ಅದನ್ನು ಹಿಂದಕ್ಕೆ ಎಸೆಯುತ್ತದೆ. ಇಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಹಾಗಾಗಿ ಯಾವ ಫೈಲನ್ನಾದರೂ ಅಕ್ಷರಗಳ ವೇಷ ಹಾಕಿಸಿಯೇ ಕಳಿಸಬೇಕು. 3 ಬೈಟಿಗೆ 4 ಅಕ್ಷರ. ಗಾತ್ರ ಮೂರನೇ ಒಂದು ಪಾಲು ಉಬ್ಬಿ 22 ಹೋಗಿ 29 ಆಗುತ್ತದೆ. ಈ ಏರ್ಪಾಡಿಗೆ ಮೈಮ್ ಎಂದು ಹೆಸರು. ಅದನ್ನು ರೂಪಿಸಿದವರಲ್ಲೊಬ್ಬರಾದ ನಥಾನಿಯಲ್ ಬೋರೆನ್‌ಸ್ಟೈನ್ 1992ರ ಮಾರ್ಚ್‌ನಲ್ಲಿ ಕಳಿಸಿದ ಮೊದಲ ಮೈಮ್ ಲಗತ್ತಿನಲ್ಲಿ ಇದ್ದದ್ದೇನು ಗೊತ್ತೇ? ತಮ್ಮ ನಾಲ್ವರ ಹಾಡುಗಾರ ತಂಡದ ಫೋಟೊ, ಜೊತೆಗೊಂದು ಹಾಡು! ಇವತ್ತಿನ ಪ್ರಸ್ತಾವನೆಗಳಿಗಿಂತ ಅದನ್ನು ತೆರೆದವರಿಗೆ ಖುಷಿ ಹೆಚ್ಚಾಗಿರಬೇಕು.

ಈ ತೂಕದ ಮಾತು ಬರೀ ತಮಾಷೆಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಖರೀದಿದಾರ ಇಂಥ ವಿಳಾಸಕ್ಕೇ ಕಳಿಸಿ ಎಂದು ಸೂಚಿಸಿದ್ದಾಗ ಮೇಲ್ ಅಲ್ಲಿಗೆ ಹೊಕ್ಕ ಕ್ಷಣವೇ ಅದು ತಲುಪಿದ ಸಮಯ. ನೀವು ‘ಸೆಂಡ್’ ಒತ್ತಿದ ಸಮಯವಲ್ಲ. ಗಡುವು ಸಂಜೆ 5 ಗಂಟೆ ಎಂದಿದ್ದು, 4.58ಕ್ಕೆ ಹೊರಟ ದಪ್ಪ ಮೇಲ್ 5.10ಕ್ಕೆ ‘ಡೆಲಿವರಿ ಫೇಲ್ಡ್’ ಎಂದು ಮರಳಿದರೆ ಕಾನೂನಿನ ಕಣ್ಣಲ್ಲಿ ಅದು ತಲುಪಿಯೇ ಇಲ್ಲ. ಫೈಲ್ 15 ಎಂಬಿಯೊಳಗಿರಲಿ, ಹಿಂದಿನ ದಿನವೇ ಕಳಿಸಿ, ತಲುಪಿದ್ದಕ್ಕೆ ಉತ್ತರ ಬೇಕೆಂದು ಮೇಲ್‌ನ ಕೊನೆಯ ಸಾಲಿನಲ್ಲಿ ಕೇಳಿ. ಸಂಜೆಯೊಳಗೆ ಉತ್ತರ ಬರದಿದ್ದರೆ ಫೋನ್ ಮಾಡಲು ನಾಚಬೇಡಿ.