ಅಜ್ಜಿಯ ವಿಡಿಯೊ ಕಾಲ್‌ಗೆ ಯಾವ ಫೋನ್?

ಊರಲ್ಲಿರುವ ಅಜ್ಜಿಗೆ ಫೋನ್ ಕೊಡಿಸಬೇಕು. 11,000 ರೂಪಾಯಿ ಆಸುಪಾಸಿನಲ್ಲಿ ದೊಡ್ಡ ಪರದೆಯ ಫೋನ್ ಸಿಗುತ್ತದೆ, 20,000 ಕೊಟ್ಟರೆ ಒಳ್ಳೆಯ ಕ್ಯಾಮೆರಾದ್ದು. ‘ವಿಡಿಯೊ ಕಾಲ್ ಮಾಡೋರಿಗೆ ಕ್ಯಾಮೆರಾನೇ ಮುಖ್ಯ ಸರ್’ ಎಂದು ಅಂಗಡಿಯವರು ಹೇಳಿದರೆ ಹೌದೆನ್ನಿಸುತ್ತದೆ. ಆದರೆ ಅಜ್ಜಿಯ ಫೋನಿನ ಕ್ಯಾಮೆರಾದಿಂದ ಕಾಣುವುದು ಅಜ್ಜಿಯ ಮುಖ, ಅದನ್ನು ನೋಡುವವರು ನಾವು. ಅಜ್ಜಿಗೆ ಮೊಮ್ಮಗಳು ಎಷ್ಟು ಚೆನ್ನಾಗಿ ಕಾಣುತ್ತಾಳೆ ಎಂಬುದು ಮೊಮ್ಮಗಳ ಫೋನಿನ ಕ್ಯಾಮೆರಾ, ನಡುವಿನ ನೆಟ್‌ವರ್ಕ್ ಮತ್ತು ಅಜ್ಜಿಯ ಕಣ್ಣೆದುರಿನ ಪರದೆಗೆ ಬಿಟ್ಟದ್ದು. ಹೆಚ್ಚಿನ 9,000 ರೂಪಾಯಿ ಯಾರ ಕಣ್ಣಿಗಾಗಿ ಎಂದು ಮೊದಲು ಕೇಳಿಕೊಳ್ಳಬೇಕು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ 50 ಮೆಗಾಪಿಕ್ಸೆಲ್ ಸಾಮಾನ್ಯವಾಗಿ ಹಿಂದಿನ ಕ್ಯಾಮೆರಾದ್ದು. ಮುಖ ನೋಡಿ ಮಾತಾಡುವಾಗ ಕೆಲಸಕ್ಕೆ ಬರುವುದು ಮುಂದಿನದು. ಅದು 8 ಮೆಗಾಪಿಕ್ಸೆಲ್ ಇರಲಿ, 32 ಇರಲಿ, ವಾಟ್ಸ್ಆ್ಯಪ್ ಆ ಚಿತ್ರವನ್ನು ನೆಟ್‌ವರ್ಕಿಗೆ ತಕ್ಕಂತೆ ಕುಗ್ಗಿಸಿಯೇ ಕಳಿಸುತ್ತದೆ. ಸಿಗ್ನಲ್ ಸೊರಗಿದರೆ ಎರಡೂ ಫೋನಿನಲ್ಲಿ ಮುಖ ಒಂದೇ ರೀತಿ ಮಸುಕಾಗುತ್ತದೆ.

ಸಾಗರದ ಕಡೆಯ ಒಂದು ಹಳೆಯ ಹಂಚಿನ ಮನೆ ಎಂದುಕೊಳ್ಳೋಣ. ದಪ್ಪ ಗೋಡೆ, ಸಣ್ಣ ಕಿಟಕಿ, ನಡುಮನೆಯಲ್ಲಿ ಹಗಲಲ್ಲೂ ಅರೆಗತ್ತಲು. ಅಜ್ಜಿ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾರೆ, ಯಾಕೆಂದರೆ ಅವರ ಕುರ್ಚಿ ಇರುವುದೇ ಹಾಗೆ. ಹಿಂದಿನಿಂದ ಬೆಳಕು ಬಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. 20,000ದ ಫೋನ್ ಇದನ್ನು ಸ್ವಲ್ಪ ಸರಿಪಡಿಸೀತು. ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದರೆ ಅಗ್ಗದ ಫೋನಿನಲ್ಲೂ ಮುಖ ಬೆಳಗುತ್ತದೆ. ರಾತ್ರಿಯ ಮಾತಿಗೆ ಎದುರು ಗೋಡೆಗೆ ಒಂದು ಎಲ್‌ಇಡಿ ಬಲ್ಬ್ ಹಾಕಿಸಿ. ಇನ್ನೂರು ಮುನ್ನೂರು ರೂಪಾಯಿಯ ಸ್ಟ್ಯಾಂಡ್ ತಂದು ಫೋನನ್ನು ಕಣ್ಣಿನ ಮಟ್ಟದಲ್ಲಿ ನಿಲ್ಲಿಸಿದರೆ, ಕೈ ಸೋತು ಫೋನ್ ವಾಲಿ ನಮಗೆ ಗದ್ದ ಮತ್ತು ಜಂತಿ ಮಾತ್ರ ಕಾಣುವುದೂ ತಪ್ಪುತ್ತದೆ.

ಇನ್ನು ಪರದೆ. 6.7 ಇಂಚಿಗೂ 6.9 ಇಂಚಿಗೂ ಇರುವ ವ್ಯತ್ಯಾಸ ಮೂಲೆಯಿಂದ ಮೂಲೆಗೆ ಅಳೆದರೆ ಅರ್ಧ ಸೆಂಟಿಮೀಟರ್ ಅಷ್ಟೇ. ದುಬಾರಿ ಫೋನುಗಳ ಪರದೆಯೂ ಈಗ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ನಿಜವಾದ ವ್ಯತ್ಯಾಸವಿರುವುದು ಪ್ರಕಾಶದಲ್ಲಿ. ಅಗ್ಗದ ಎಲ್‌ಸಿಡಿ ಪರದೆ ಮನೆಯೊಳಗೆ ಚೆನ್ನಾಗಿಯೇ ಕಾಣುತ್ತದೆ, ಅಂಗಳದ ಬಿಸಿಲಿಗೆ ತಂದರೆ ಕನ್ನಡಿಯಂತೆ ನಮ್ಮ ಮುಖವನ್ನೇ ತೋರಿಸುತ್ತದೆ. ಹಾಗಾಗಿ ಕಾಲ್ ನಡುವೆ ಎದ್ದು ಹೋಗಿ ಹಿತ್ತಲ ಮಲ್ಲಿಗೆ ಬಳ್ಳಿಯನ್ನೋ ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನೋ ತೋರಿಸುವ ಅಜ್ಜಿಯಾದರೆ ನಾನು 20,000ದ ಫೋನನ್ನೇ ಕೊಡಿಸಿ ಎನ್ನುತ್ತೇನೆ. ಆಗಲೂ ಮೊದಲ ಕಾರಣ ಕ್ಯಾಮೆರಾ ಅಲ್ಲ, ಬಿಸಿಲಲ್ಲೂ ಕಾಣುವ ಅಮೊಲೆಡ್ ಪರದೆ.

ಕೂತಲ್ಲೇ ಮಾತಾಡುವವರಿಗೆ 11,000ದ್ದು ಸಾಕು. ಆದರೆ ಅದರಲ್ಲಿ ಎರಡು ಕಡೆ ಮೋಸ ಹೋಗಬಹುದು. ಒಂದು ರ್‍ಯಾಮ್. ‘8 ಜಿಬಿ’ ಎಂದು ಬರೆದಿದ್ದರೂ ಅದರಲ್ಲಿ 4 ಜಿಬಿ ಮಾತ್ರ ನಿಜವಾದ ರ್‍ಯಾಮ್, ಉಳಿದದ್ದು ಸ್ಟೋರೇಜಿನಿಂದ ಕಡ ತಂದದ್ದು ಆಗಿರಬಹುದು. ಅದು ನಿಜವಾದ ರ್‍ಯಾಮ್‌ನಷ್ಟು ಚುರುಕಲ್ಲ. ಇದರ ಪರಿಣಾಮ ಕೊಂಡ ದಿನ ಗೊತ್ತಾಗುವುದಿಲ್ಲ. ಶುಭೋದಯದ ಚಿತ್ರ, ವಿಡಿಯೊಗಳು ತುಂಬಿದ ಮೇಲೆ ರಿಂಗ್ ಆಗುತ್ತಿರುತ್ತದೆ, ಎತ್ತುವ ಗುರುತು ತಡವಾಗಿ ಮೂಡುತ್ತದೆ, ಅಜ್ಜಿ ಬೆರಳು ಜಾರಿಸುವಷ್ಟರಲ್ಲಿ ಕಾಲ್ ಕಟ್. ‘ನಾನೇ ಏನೋ ತಪ್ಪು ಒತ್ತಿದೆ’ ಎಂದು ಅವರು ನೊಂದುಕೊಳ್ಳುತ್ತಾರೆ. ನಿಜವಾದ ರ್‍ಯಾಮ್ 6 ಜಿಬಿ ಇರುವುದನ್ನು ಕೇಳಿ ಪಡೆಯಿರಿ, ವಾಟ್ಸ್ಆ್ಯಪ್‌ನಲ್ಲಿ ಚಿತ್ರ, ವಿಡಿಯೊ ತಾವಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ ಕೊಡಿ.

ಇನ್ನೊಂದು ಸ್ಪೀಕರ್. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ಚೂಪು ದನಿಗಳನ್ನು. ಸ, ಶ, ತ ಅಕ್ಷರಗಳು ಕಲಸಿಹೋಗುತ್ತವೆ, ಮಕ್ಕಳ ಕೀಚಲು ದನಿಯ ಮಾತಂತೂ ಇನ್ನೂ ಕಷ್ಟ. ದನಿ ಜೋರಾದರೆ ಸಾಲದು, ಮಾತು ಬಿಡಿಬಿಡಿಯಾಗಿ ಕೇಳಬೇಕು. ಅಂಗಡಿಯಲ್ಲಿ ಎರಡೂ ಫೋನುಗಳಲ್ಲಿ ಒಂದೇ ಕನ್ನಡ ವಾರ್ತೆಯನ್ನು ಪೂರ್ತಿ ದನಿಯಲ್ಲಿ ಹಾಕಿ, ಒಂದು ಮಾರು ದೂರದಿಂದ ಕೇಳಿ. ದನಿ ಒಡೆದು ಗರಗರ ಎಂದರೆ ಅದು ಬೇಡ. ಕೆಳಅಂಚಿನಲ್ಲಿ ಒಂದೇ ಸ್ಪೀಕರ್ ಇದ್ದರೆ ಸ್ಟ್ಯಾಂಡಿನ ತುಟಿ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಮುಂದಿನ ಕ್ಯಾಮೆರಾವನ್ನೂ ಅಲ್ಲೇ ಪರೀಕ್ಷಿಸಬಹುದು, ಆದರೆ ಅಂಗಡಿಯ ಝಗಮಗ ಬೆಳಕಿನಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನ. ಮೂಲೆಯ ನೆರಳಿಗೆ ಹೋಗಿ ಮುಖ ನೋಡಿಕೊಳ್ಳಿ. ಕಣ್ಣು, ತುಟಿ ಸ್ಪಷ್ಟವಾಗಿದ್ದರೆ ಅಷ್ಟು ಸಾಕು.

ಉಳಿದ ದುಡ್ಡನ್ನು ನಡುಮನೆಯ ಸಿಗ್ನಲ್‌ಗೆ ಹಾಕಿ. ಆ ದಪ್ಪ ಗೋಡೆಗಳೊಳಗೆ ಮೊಬೈಲ್ ಡೇಟಾ ತಡವರಿಸುತ್ತಿದ್ದು, ಊರಿಗೆ ಬ್ರಾಡ್‌ಬ್ಯಾಂಡ್ ಬಂದಿದ್ದರೆ, ವೈ-ಫೈ ಪೆಟ್ಟಿಗೆಯನ್ನು ಅಜ್ಜಿಯ ಕುರ್ಚಿ ಇರುವ ಕೋಣೆಯಲ್ಲೇ ಕೂರಿಸಿ.